ಹೆಸರಿಲ್ಲದ ಸಾಕ್ಷಿಯನ್ನು ಪ್ರಶ್ನಿಸುವುದು ಹೇಗೆ?

ಎಐ ಬರಹ ಪತ್ತೆಹಚ್ಚುವ ತಂತ್ರಾಂಶದ ಹೆಸರು ತಿಳಿಸಿ, ಮೇಲ್ಮನವಿಯ ಹಕ್ಕು ಕೊಡಿ ಎಂಬ ವಿದ್ಯಾರ್ಥಿ ಸಂಘದ ಮನವಿಯನ್ನು ಕಳೆದ ಸಂಚಿಕೆಯ ಲೇಖಕರು ತಳ್ಳಿಹಾಕಿದ್ದಾರೆ. ಹೆಸರು ಬಯಲಾದರೆ ಮೋಸಗಾರರು ತಪ್ಪಿಸಿಕೊಳ್ಳುತ್ತಾರೆ, ಪ್ರಾಮಾಣಿಕರಿಗೆ ಭಯವೇಕೆ ಎಂಬುದು ಅವರ ವಾದ.

ಭಯ ಇರುವುದೇ ಪ್ರಾಮಾಣಿಕರಿಗೆ. ನಕಲು ಪತ್ತೆಯಲ್ಲಿ ತೋರಿಸಲು ಮೂಲ ಬರಹವಿರುತ್ತದೆ. ಇಲ್ಲಿ ಇರುವುದು ಬರೀ ಊಹೆ. ಮುಂದಿನ ಪದ ಸುಲಭವಾಗಿ ಊಹಿಸುವಂತಿದ್ದರೆ ಇಂಥ ಹಲವು ತಂತ್ರಾಂಶಗಳು ಯಂತ್ರವನ್ನು ಶಂಕಿಸುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ, ಕಲಿತ ಸರಳ ಇಂಗ್ಲಿಷಿನಲ್ಲಿ ಬರೆಯುವ ಹುಡುಗಿ ಸಿಕ್ಕಿಬೀಳುವುದು ಹೀಗೆಯೇ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರ 91 ಟೋಫೆಲ್ ಪ್ರಬಂಧಗಳನ್ನು ಏಳು ತಂತ್ರಾಂಶಗಳಿಗೆ ಕೊಟ್ಟರು. ಸರಾಸರಿ ಶೇ 61ರಷ್ಟನ್ನು ಅವು ಯಂತ್ರದ ಬರಹವೆಂದವು.

ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅದೇ ವರ್ಷ ಟರ್ನಿಟಿನ್‌ನ ಎಐ ಪತ್ತೆ ಸೌಲಭ್ಯವನ್ನು ನಿಲ್ಲಿಸಿತು. ಶೇ 1ರಷ್ಟು ಮಾತ್ರ ತಪ್ಪಾಗುತ್ತದೆ ಎಂಬ ಕಂಪನಿಯ ಮಾತನ್ನೇ ನಂಬಿದರೂ, 2022ರಲ್ಲಿ ಅಲ್ಲಿ ಸಲ್ಲಿಕೆಯಾದ 75,000 ಬರಹಗಳಲ್ಲಿ ಸುಮಾರು 750 ತಪ್ಪು ಆರೋಪಗಳಾಗುತ್ತಿದ್ದವು. ಈ ಲೆಕ್ಕ ಹಾಕಲು ಸಾಧ್ಯವಾದದ್ದು ಯಾವ ತಂತ್ರಾಂಶವೆಂದು ಗೊತ್ತಿದ್ದುದರಿಂದ. ಶೇ 20ಕ್ಕಿಂತ ಕಡಿಮೆ ಎಐ ಅಂಕ ಅಷ್ಟು ನಂಬಲರ್ಹವಲ್ಲ ಎಂದು ಟರ್ನಿಟಿನ್ ತಾನೇ ಎಚ್ಚರಿಸುತ್ತದೆ. ಹೆಸರೇ ತಿಳಿಯದ ವಿದ್ಯಾರ್ಥಿ ಆ ಎಚ್ಚರಿಕೆಯನ್ನು ಯಾರ ಮುಂದೆ ಹಿಡಿಯಬೇಕು?

ಮೋಸಗಾರನನ್ನು ಗುಟ್ಟು ತಡೆಯುವುದಿಲ್ಲ. ಸಿಕ್ಕ ನಾಲ್ಕಾರು ತಂತ್ರಾಂಶಗಳಲ್ಲಿ ಪರೀಕ್ಷಿಸಿಕೊಂಡೇ ಅವನು ಸಲ್ಲಿಸುತ್ತಾನೆ. ಮೇಲ್ಮನವಿ ಎಂದರೆ ಕ್ಷಮಾದಾನವೂ ಅಲ್ಲ. ಕರಡುಗಳನ್ನು, ಕಡತದ ತಿದ್ದುಪಡಿ ಇತಿಹಾಸವನ್ನು ನೋಡಿ, ಪ್ರಬಂಧದ ಬಗ್ಗೆ ಹತ್ತು ನಿಮಿಷ ಮೌಖಿಕವಾಗಿ ಪ್ರಶ್ನಿಸಿ. ಆರೋಪ ಹೊರಿಸಿದ ಅಧ್ಯಾಪಕರಲ್ಲದೆ ಬೇರೊಬ್ಬರು ತೀರ್ಮಾನಿಸಲಿ, ಅಲ್ಲಿಯವರೆಗೆ ಅಂಕ ಕಡಿಯಬೇಡಿ.