ಸೂತ್ರ ಆಮೇಲೆ ಬರಲಿ

ಹಣದ ಗುಣಕದ ಪಾಠವನ್ನು ಸೂತ್ರದಿಂದ ಆರಂಭಿಸಬಾರದು ಎಂಬುದು ನನ್ನ ಅಭಿಪ್ರಾಯ. ನಾನು ಹಾಗೆ ಮಾಡಿ ಕೆಟ್ಟೆ. ರಿಸರ್ವ್ ಬ್ಯಾಂಕ್ 100 ಕೋಟಿ ರೂಪಾಯಿಯ ಸಾಲಪತ್ರ ಕೊಂಡಿದೆ, ಮೀಸಲು ಅನುಪಾತ ಶೇ. 10, ಜನ ಠೇವಣಿಯ ಶೇ. 40ರಷ್ಟು ನಗದು ಇಟ್ಟುಕೊಳ್ಳುತ್ತಾರೆ ಎಂದೆ. ಮಕ್ಕಳು 100ನ್ನು 0.1ರಿಂದ ಭಾಗಿಸಿ 1,000 ಕೋಟಿ ಎಂದರು. ನಗದು ಮರೆತೇಹೋಗಿತ್ತು.

ಮರುದಿನ, ಆ 100 ಕೋಟಿ ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದೆ. ಜನರ ಕೈಯಲ್ಲಿ, ಇಲ್ಲವೇ ಬ್ಯಾಂಕಿನ ಮೀಸಲಿನಲ್ಲಿ. ಹೆಚ್ಚುವ ಠೇವಣಿ D ಆದರೆ,

0.4D + 0.1D = 100

ಠೇವಣಿ 200 ಕೋಟಿ, ನಗದು 80 ಕೋಟಿ. ಹಣದ ಪೂರೈಕೆ ಹೆಚ್ಚುವುದು 280 ಕೋಟಿ, ಗುಣಕ 2.8. ಕೈಯಲ್ಲೇ ಉಳಿದ ನೋಟಿನಿಂದ ಬ್ಯಾಂಕು ಸಾಲ ಕೊಡಲಾಗದು ಎಂದು ಆಗ ಹಿಂದಿನ ಬೆಂಚಿನವರೇ ಹೇಳಿದರು. ಬ್ಯಾಂಕುಗಳು ಕಡ್ಡಾಯಕ್ಕಿಂತ ಹೆಚ್ಚು ಮೀಸಲಿಟ್ಟರೆ 280 ಕೂಡ ಆಗದು.