ಹಾಕಿದ ರುಜುವನ್ನು ಹಿಂತೆಗೆಯುವ ಹಕ್ಕು ಯಾರದು?

ತುಮಕೂರಿನ ಕಡೆಯಿಂದ ಬೆಳಗಿನ ಬಸ್ಸು, ರೈಲು ಹಿಡಿದು ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ನಮ್ಮ ಕಾರ್ಮಿಕ ಬಂಧುಗಳಿಗೆ ಬಟವಾಡೆ ದಿನವೆಂಬುದು ಈಗ ಹೆಸರಿಗೆ ಮಾತ್ರ ಉಳಿದಿದೆ. ಹಿಂದೆ ಸಂಬಳ ಕೈಗೆ ಬರುತ್ತಿತ್ತು, ಸಾಹುಕಾರ ಗೇಟಿನ ಹೊರಗೆ ಕಾದು ನಿಂತಿರುತ್ತಿದ್ದ. ಅವನ ಕೈಗೆ ಎಷ್ಟು ಕೊಡಬೇಕು, ಮನೆಗೆ ಎಷ್ಟು ಒಯ್ಯಬೇಕು ಎಂಬುದನ್ನು ಜಗಳವಾಡಿಯಾದರೂ ಕಾರ್ಮಿಕನೇ ತೀರ್ಮಾನಿಸುತ್ತಿದ್ದ. ಇಂದು ಸಾಹುಕಾರ ಗೇಟಿನ ಬಳಿ ನಿಲ್ಲುವುದಿಲ್ಲ. ಬ್ಯಾಂಕಿನ ಲೆಕ್ಕದ ಪುಸ್ತಕದೊಳಗೇ ಅವನು ಕುಳಿತಿದ್ದಾನೆ. ಅವನ ಈ ಹೊಸ ಆಸನಕ್ಕೆ ಆಟೋ ಡೆಬಿಟ್ ಮ್ಯಾಂಡೇಟ್ ಎಂದು ಹೆಸರು.

ಕಂತಿನ ಮೇಲೆ ಫ್ರಿಜ್ಜೋ, ಫೋನೋ, ಮೋಟಾರ್ ಸೈಕಲ್ಲೋ ಕೊಳ್ಳುವಾಗ ಸಾಲದ ಕಂಪನಿಯವನು ಹತ್ತಾರು ಕಾಗದಗಳ ನಡುವೆ ಒಂದು ಹಾಳೆಗೆ ರುಜು ಹಾಕಿಸಿಕೊಳ್ಳುತ್ತಾನೆ. ಅಥವಾ ಫೋನಿನ ಮೇಲೆ ಒಪ್ಪಿಗೆ ಒತ್ತಿಸಿಕೊಳ್ಳುತ್ತಾನೆ. ಆ ಹಾಳೆಯನ್ನು ಓದಿದವರು ನೂರಕ್ಕೆ ಒಬ್ಬರಿದ್ದರೆ ಹೆಚ್ಚು. ಅದರಲ್ಲಿ ಕಂತಿನ ಮೊತ್ತದ ಬದಲು 'ಗರಿಷ್ಠ ಮೊತ್ತ' ಎಂದು ಗುರುತು ಹಾಕಲು ಜಾಗವಿದೆ. ತಿಂಗಳಿಗೊಮ್ಮೆ ಎಂಬುದರ ಬದಲು 'ಕೇಳಿದಾಗಲೆಲ್ಲ' ಎಂದು ಗುರುತು ಹಾಕಲು ಜಾಗವಿದೆ. ಹಳೆಯ ಹಾಳೆಗಳಲ್ಲಿ ಕೊನೆಯ ದಿನಾಂಕವನ್ನೇ ಬರೆಯದೆ 'ರದ್ದು ಮಾಡುವವರೆಗೆ' ಎಂದು ಬಿಡಲೂ ಅವಕಾಶವಿತ್ತು. ಹೀಗೆ ಎರಡು ಸಾವಿರದ ಕಂತಿಗೆಂದು ಕೊಟ್ಟ ಅನುಮತಿ ಐದು ಸಾವಿರದವರೆಗೆ, ಸಾಲ ತೀರಿದ ಮೇಲೂ ಜೀವಂತವಾಗಿರಬಲ್ಲದು.

ಒಂದು ಲೆಕ್ಕ ಮಾಡಿ ನೋಡೋಣ. ಪೀಣ್ಯದ ಲೇತ್ ಕಾರ್ಮಿಕನೊಬ್ಬ ಹನ್ನೆರಡು ಕಂತುಗಳನ್ನೂ ತೀರಿಸಿದ್ದಾನೆ ಎನ್ನಿ. ಹದಿಮೂರನೆಯ ತಿಂಗಳು ಅದೇ ಕಂಪನಿಯ ಹೆಸರಿನಲ್ಲಿ 599 ರೂಪಾಯಿ ಹೋಗುತ್ತದೆ. ವಿಚಾರಿಸಿದರೆ ಯಾವುದೋ ಆರೋಗ್ಯ ಕಾರ್ಡಿನ ಶುಲ್ಕವಂತೆ. ಸಿಟ್ಟಿಗೆದ್ದ ಕಾರ್ಮಿಕ ಮುಂದಿನ ತಿಂಗಳು 5ನೆಯ ತಾರೀಖಿನ ಮೊದಲೇ ಖಾತೆಯನ್ನು ಬರಿದು ಮಾಡಿಬಿಡುತ್ತಾನೆ. ಕಂಪನಿ ಕೇಳುತ್ತದೆ, ಹಣವಿಲ್ಲದೆ ವಾಪಸ್ಸಾಗುತ್ತದೆ. ಬ್ಯಾಂಕಿನ ದರಪಟ್ಟಿಯಲ್ಲಿ ವಾಪಸಾತಿಯ ದಂಡ 250 ಇದ್ದರೆ, ಶೇಕಡಾ 18 ಜಿ.ಎಸ್.ಟಿ. ಸೇರಿ 295 ಆಗುತ್ತದೆ. ಕಂಪನಿ ಎರಡು ದಿನ ಬಿಟ್ಟು ಮತ್ತೆ ಕೇಳಿದರೆ ಇನ್ನೊಂದು 295. 7ರಂದು ಬಂದ ಸಂಬಳದಿಂದ ಬ್ಯಾಂಕು ತನ್ನ 590 ರೂಪಾಯಿಯನ್ನು ಮೊದಲು ಮುರಿದುಕೊಳ್ಳುತ್ತದೆ. 599 ಉಳಿಸಲು ಹೋದವನ 590 ಹೋಯಿತು, ಮ್ಯಾಂಡೇಟ್ ಮಾತ್ರ ಇದ್ದಲ್ಲೇ ಇದೆ! ಖಾತೆ ಬರಿದು ಮಾಡುವುದು ಪ್ರತಿಭಟನೆಯಲ್ಲ, ಬ್ಯಾಂಕಿಗೆ ಕಾಣಿಕೆ ಎಂದು ನಾವು ಹೇಳುವುದು ಇದಕ್ಕೇ.

ಹಾಗಾದರೆ ಅವನು ಬ್ಯಾಂಕಿಗೆ ಹೋಗಿ ಕೇಳಲಿಲ್ಲವೇ? ಹೋಗಿ ಕೇಳಿದವರಿಗೆ ಕೌಂಟರಿನಲ್ಲಿ ಸಿಗುವ ಉತ್ತರ ಪೀಣ್ಯದಲ್ಲಿ ಕೆಲಸ ಮಾಡುವ ಎಲ್ಲರಿಗೂ ಬಾಯಿಪಾಠ: "ನಮ್ಮ ಕೈಲಿಲ್ಲ, ಕಂಪನಿಯವರಿಂದ ಪತ್ರ ತನ್ನಿ." ಸುಲಿಯುವವನಿಂದಲೇ ಸುಲಿಗೆ ನಿಲ್ಲಿಸುವ ಅಪ್ಪಣೆ ತರಬೇಕೆಂಬ ಈ ನ್ಯಾಯ ಎಲ್ಲಿಯದು?

ಇದು ಸುಳ್ಳು ಎಂಬುದಕ್ಕೆ ಸಾಕ್ಷಿ ಆ ಹಾಳೆಯಲ್ಲೇ ಇದೆ. ಕಾಗದದ ನಾಚ್ ಮ್ಯಾಂಡೇಟಿನ ಕೆಳಭಾಗದಲ್ಲಿ, ರುಜುವಿನ ಹತ್ತಿರ, ಕಣ್ಣು ಕಿರಿದು ಮಾಡಿ ಓದಬೇಕಾದ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಮಾತಿದೆ: ಈ ಅನುಮತಿಯನ್ನು ರದ್ದು ಮಾಡುವ ಅಧಿಕಾರ ತನಗಿದೆ, ಅದನ್ನು ಕಂಪನಿಗಾಗಲಿ ಅಥವಾ ತನ್ನ ಬ್ಯಾಂಕಿಗಾಗಲಿ ತಿಳಿಸಬಹುದು ಎಂದು ಖಾತೆದಾರನೇ ಹೇಳುವ ಮಾತು. 'ಅಥವಾ' ಎಂಬ ಆ ಒಂದು ಪದವನ್ನು ಗುಮಾಸ್ತರು ನುಂಗಿಹಾಕುತ್ತಾರೆ. ಅದೇ ಹಾಳೆಯ ಮೇಲ್ಭಾಗದಲ್ಲಿ ಮೂರು ಚೌಕಗಳಿವೆ: ಕ್ರಿಯೇಟ್, ಮಾಡಿಫೈ, ಕ್ಯಾನ್ಸಲ್. ಮೊದಲನೆಯದಕ್ಕೆ ಗುರುತು ಹಾಕಿಸಲು ಅಂಗಡಿಗೇ ಬಂದ ಮನುಷ್ಯ ಮೂರನೆಯದರ ಸುದ್ದಿ ಎತ್ತುವುದೇ ಇಲ್ಲ. ನಾಚ್ ಬರುವುದಕ್ಕೆ ಮೊದಲಿದ್ದ ಇ.ಸಿ.ಎಸ್. ಪದ್ಧತಿಯಲ್ಲಿಯೇ ರಿಸರ್ವ್ ಬ್ಯಾಂಕು ಇದನ್ನು ಸ್ಪಷ್ಟಪಡಿಸಿತ್ತು. ಖಾತೆದಾರ ಮ್ಯಾಂಡೇಟ್ ಹಿಂತೆಗೆದರೆ ಅದು ಚೆಕ್ಕಿನ ಹಣ ತಡೆಯಿರೆಂದು ಹೇಳಿದಷ್ಟೇ ಬಲವುಳ್ಳದ್ದು, ಕಂಪನಿಯ ಒಪ್ಪಿಗೆ ಬೇಕಿಲ್ಲ.

ಆದ್ದರಿಂದ ಬಾಯಿಮಾತು ಬಿಟ್ಟು ಅರ್ಜಿ ಬರೆಯಬೇಕು. ಮೊದಲು ಪಾಸ್‌ಬುಕ್ಕಿನಲ್ಲಿ ACH ಅಥವಾ NACH ಎಂದು ಕಂಪನಿಯ ಹೆಸರಿನೊಂದಿಗೆ ಬಿದ್ದಿರುವ ಸಾಲನ್ನು ಗುರುತಿಸಿ. ಪ್ರತಿಯೊಂದು ಮ್ಯಾಂಡೇಟಿಗೂ UMRN ಎಂಬ ಇಪ್ಪತ್ತು ಅಕ್ಷರಗಳ ಸಂಖ್ಯೆಯಿದೆ. ಗೊತ್ತಿಲ್ಲದಿದ್ದರೆ ಶಾಖೆಯಲ್ಲಿ ಕೇಳಿ. ಒಂದೇ ಕಂಪನಿ ಎರಡು ಮ್ಯಾಂಡೇಟ್ ಮಾಡಿಸಿಕೊಂಡಿರುವುದುಂಟು. ಆದ್ದರಿಂದ ಖಾತೆಯ ಮೇಲಿರುವ ಎಲ್ಲ ಮ್ಯಾಂಡೇಟುಗಳ ಪಟ್ಟಿಯನ್ನೇ ಕೇಳುವುದು ಒಳ್ಳೆಯದು. ಅರ್ಜಿಯಲ್ಲಿ ಹೀಗೆ ಬರೆದರೆ ಸಾಕು:

"ನನ್ನ ಇಂಥ ಸಂಖ್ಯೆಯ ಉಳಿತಾಯ ಖಾತೆಯಿಂದ ಇಂಥ ಕಂಪನಿಗೆ ಕೊಟ್ಟಿದ್ದ, ಇಂಥ UMRN ಸಂಖ್ಯೆಯ ಮ್ಯಾಂಡೇಟನ್ನು ಈ ದಿನದಿಂದ ಸಂಪೂರ್ಣ ಹಿಂತೆಗೆದಿದ್ದೇನೆ. ಇದು ಒಂದು ಕಂತಿನ ತಡೆಯಲ್ಲ, ಮ್ಯಾಂಡೇಟಿನ ರದ್ದತಿ. ರದ್ದಾದ ದಿನಾಂಕವನ್ನೂ, ಈ ಸಂಖ್ಯೆಯ ಮೇಲೆ ಇನ್ನು ಯಾವ ಕಡಿತವೂ ಆಗುವುದಿಲ್ಲವೆಂಬುದನ್ನೂ ಬರಹದಲ್ಲಿ ತಿಳಿಸಬೇಕು."

'ಒಂದು ಕಂತಿನ ತಡೆಯಲ್ಲ' ಎಂಬ ಮಾತನ್ನು ಬಿಡಬೇಡಿ. ಬ್ಯಾಂಕು ಈ ತಿಂಗಳ ಕೋರಿಕೆಯೊಂದನ್ನು ಮಾತ್ರ ತಡೆದು ಕೈ ತೊಳೆದುಕೊಂಡರೆ ಮುಂದಿನ ತಿಂಗಳು ಹಣ ಮತ್ತೆ ಹೋಗುತ್ತದೆ. ಅರ್ಜಿಯನ್ನು ಕಡಿತದ ದಿನಾಂಕಕ್ಕೆ ವಾರವಾದರೂ ಮುಂಚೆ ಕೊಡಿ, ಹಿಂದಿನ ದಿನ ಕೊಟ್ಟರೆ ಆ ತಿಂಗಳಿನದು ತಪ್ಪದೆ ಹೋಗಬಹುದು. ನಕಲಿನ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೊಹರು ಹಾಕದಿದ್ದರೆ ರಿಜಿಸ್ಟರ್ಡ್ ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಹಾರಿಕೆಯದಾಗಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಎಂಬಲ್ಲಿ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲನೂ ಬೇಡ. ಆದರೆ ಮೊಹರಿನ ನಕಲಿಲ್ಲದೆ ಅಲ್ಲಿ ನಿಮ್ಮ ಮಾತು ನಿಲ್ಲುವುದು ಕಷ್ಟ. ಯು.ಪಿ.ಐ. ಮೂಲಕ ಒಪ್ಪಿಕೊಂಡ ಆಟೋ ಪೇ ಆದರೆ ಇಷ್ಟು ಪಾಡಿಲ್ಲ, ಅದೇ ಆ್ಯಪಿನಲ್ಲಿ ನಿಮ್ಮ ಪಿನ್ ಒತ್ತಿ ನೀವೇ ರದ್ದು ಮಾಡಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮ್ಯಾಂಡೇಟ್ ರದ್ದಾದರೆ ಸಾಲ ರದ್ದಾಗುವುದಿಲ್ಲ. ಬಾಕಿ ಉಳಿದವರು ಕಂತನ್ನು ಬೇರೆ ದಾರಿಯಲ್ಲಿ ಕಟ್ಟಿ ರಸೀತಿ ಪಡೆಯಲೇಬೇಕು, ಇಲ್ಲದಿದ್ದರೆ ದಂಡವೂ ಸುಸ್ತಿದಾರನೆಂಬ ಹೆಸರೂ ಬೆನ್ನು ಹತ್ತುತ್ತವೆ. ರದ್ದು ಮಾಡದೆ ಖಾತೆಯಲ್ಲಿ ಹಣವಿಲ್ಲದಂತೆ ಮಾಡುವುದು ಇನ್ನೂ ಅಪಾಯ. ಕೊಡಬೇಕಾದ ಸಾಲಕ್ಕೆ ಹಣ ಸಾಲದೆ ಇಂಥ ಕಡಿತ ವಾಪಸ್ಸಾದರೆ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯಿದೆಯ 25ನೆಯ ಕಲಮಿನಲ್ಲಿ ಎರಡು ವರ್ಷದವರೆಗೆ ಸಜೆಯಿದೆ. ಬಡವನಿಗೆ ಸೆರೆಮನೆ ತೋರಿಸುವ ಕಲಮು ಇದೆ. ರದ್ದತಿಯ ಅರ್ಜಿ ತಿರಸ್ಕರಿಸಿದ ಬ್ಯಾಂಕಿನ ಅಧಿಕಾರಿಗೆ ಅಂಥದೇನೂ ಇಲ್ಲ!

ಸರ್ಕಾರದವರನ್ನು ನಾವು ಒಂದು ಪ್ರಶ್ನೆ ಕೇಳಬಯಸುತ್ತೇವೆ. 1936ರ ವೇತನ ಪಾವತಿ ಕಾಯಿದೆಯಲ್ಲಿ ಮಾಲೀಕನು ಸಂಬಳದ ಅರ್ಧಕ್ಕಿಂತ ಹೆಚ್ಚು ಮುರಿಯಕೂಡದೆಂಬ ಮಿತಿಯಿತ್ತು, ಸಹಕಾರ ಸಂಘದ ಬಾಕಿಯಿದ್ದರೆ ಮುಕ್ಕಾಲು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಶೇಕಡಾ 50ರ ಮಿತಿ ಇದೆ. ಬಹಳ ಸರಿ. ಆದರೆ 2017ರಲ್ಲಿ ಆ ಹಳೆಯ ಕಾಯಿದೆಯನ್ನೇ ತಿದ್ದಿ, ಕಾರ್ಮಿಕನ ಒಪ್ಪಿಗೆಯಿಲ್ಲದೆಯೂ ಸಂಬಳವನ್ನು ಬ್ಯಾಂಕಿಗೆ ಹಾಕಲು ದಾರಿ ಮಾಡಿದವರು ನೀವೇ ಅಲ್ಲವೇ? ಕಾರ್ಖಾನೆಯ ಕಚೇರಿಯಲ್ಲಿ ಅರ್ಧವನ್ನು ಕಾಪಾಡುವ ಆ ಮಿತಿ ಬ್ಯಾಂಕಿನ ಬಾಗಿಲಲ್ಲೇ ನಿಂತುಬಿಡುತ್ತದೆ. ಒಳಗೆ ಎರಡು ಮೂರು ಮ್ಯಾಂಡೇಟುಗಳು ಒಂದೇ ದಿನ ಕೇಳಿದರೆ ಪೂರ್ತಿ ಸಂಬಳ ಹೋದರೂ ಕೇಳುವವರಿಲ್ಲ.

1928ರಲ್ಲಿ ಕರಾವಳಿಯಲ್ಲಿ ಹುಟ್ಟಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಪಡೆಯಲು ಬ್ಯಾಂಕಿನ ಮನುಷ್ಯ ಮನೆಯ ಮೆಟ್ಟಿಲಿಗೆ ಬರುತ್ತಿದ್ದ. ಕೊಡುವವನಿಗೆ ಇವತ್ತು ಬೇಡ ಎನ್ನುವ ಸ್ವಾತಂತ್ರ್ಯವಿತ್ತು. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಕರ್ನಾಟಕದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಸೇರಿದ್ದವು. ನಮ್ಮ ಪಕ್ಷದವರು ಅದನ್ನು ಬೇಡ ಎನ್ನುವ ಹಕ್ಕು ಕಳೆದುಕೊಳ್ಳುವುದಕ್ಕಾಗಿ ಸ್ವಾಗತಿಸಲಿಲ್ಲ.

ಪ್ರತಿ ಶಾಖೆಯ ಕೌಂಟರಿನ ಮೇಲೆ ಮ್ಯಾಂಡೇಟ್ ರದ್ದತಿಯ ಅರ್ಜಿ ಕನ್ನಡದಲ್ಲಿ ಇರಬೇಕು. ಅರ್ಜಿ ಪಡೆದ ದಿನವೇ ಮೊಹರು ಬೀಳಬೇಕು. ರದ್ದತಿಯ ಅರ್ಜಿ ಬಂದ ಮೇಲೆ ಆದ ಕಡಿತವನ್ನೂ ದಂಡವನ್ನೂ ಬ್ಯಾಂಕೇ ತುಂಬಿಕೊಡಬೇಕು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಶಾಖೆಗಳಲ್ಲಿ ಕಂಪನಿಯ ಪತ್ರ ಕೇಳಿ ಹಿಂದಕ್ಕೆ ಕಳಿಸಲ್ಪಟ್ಟವರು ಅರ್ಜಿಯ ನಕಲನ್ನೂ ಹೋದ ದಿನಾಂಕವನ್ನೂ ನಮ್ಮ ಕಚೇರಿಗೆ ಕಳಿಸಿಕೊಡಿ. ಒಂಬುಡ್ಸ್‌ಮನ್‌ಗೆ ದೂರು ಬರೆಯುವ ಕೆಲಸದಲ್ಲಿ ನಾವು ಜೊತೆಗಿರುತ್ತೇವೆ.