‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಕೇಳಿ ಲೆಕ್ಕ ಬರೆಸೋರಿಗೆ

ನಮ್ಮೂರ ಹುಡುಗಿಯೊಬ್ಬಳು ಬಿಕಾಂ ಮುಗಿಸಿ ಅಕೌಂಟ್ಸ್ ಕ್ಲರ್ಕ್ ಕೆಲಸಕ್ಕೆ ಹೋದಳು. ಡೈರಿಯಲ್ಲಿ ಎರಡು ವರ್ಷ ಹಾಲಿನ ಲೆಕ್ಕ ಬರೆದವಳು. ಅವಳನ್ನು ಕೇಳಿದ್ದು ಎರಡೇ ಪ್ರಶ್ನೆ: ಇಂಗ್ಲಿಷಲ್ಲಿ ನಿನ್ನ ಬಗ್ಗೆ ಹೇಳು, ಟ್ಯಾಲಿ ಸರ್ಟಿಫಿಕೇಟ್ ಇದೆಯಾ? ಒಂದು ಲೆಕ್ಕವನ್ನೂ ಕೊಡದೇ ವಾಪಸ್ ಕಳಿಸಿದರು. ಕೋಡ್ ಬರೆಸಿ ನೋಡದೆ ನಮ್ಮನ್ನು ಯಾರೂ ಕೆಲಸಕ್ಕೆ ತಗೊಳ್ಳಲ್ಲ. ಲೆಕ್ಕ ಬರೆಯೋರಿಗೆ ಮಾತ್ರ ಭಾಷಣ ಸ್ಪರ್ಧೆ ಯಾಕೆ?

ಅರ್ಧ ಗಂಟೆ, ಎರಡು ಹಾಳೆ ಸಾಕು. ಒಂದರಲ್ಲಿ ಕ್ಯಾಶ್ ಬುಕ್ಕಿನ ಬ್ಯಾಂಕ್ ಕಾಲಂ, ಇನ್ನೊಂದರಲ್ಲಿ ಅದೇ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಪುಸ್ತಕದಲ್ಲಿ ಬಾಕಿ 48,250 ರೂಪಾಯಿ, ಬ್ಯಾಂಕಿನಲ್ಲಿ 53,564. ವ್ಯತ್ಯಾಸ 5,314 ಯಾಕೆ ಬಂತು, ಹುಡುಕಿ ಅಂತ ಹೇಳಿ.

ಒಳಗೆ ಮೂರು ಸಂಗತಿ ಅಡಗಿಸಿಡಿ. ಸಪ್ಲೈಯರ್‌ಗೆ ಕೊಟ್ಟ 6,000ದ ಚೆಕ್ ಇನ್ನೂ ಬ್ಯಾಂಕಿಗೆ ಬಂದಿಲ್ಲ. ಬ್ಯಾಂಕ್ ಹಿಡಿದುಕೊಂಡ 236 ರೂಪಾಯಿ ಚಾರ್ಜು ಪುಸ್ತಕದಲ್ಲಿಲ್ಲ. ಗಿರಾಕಿಯಿಂದ ಬಂದ 5,490ನ್ನು ಯಾರೋ 5,940 ಅಂತ ಬರೆದಿದ್ದಾರೆ. ಈ ಮೂರನೆಯದೇ ನಿಜವಾದ ಪರೀಕ್ಷೆ. ಅಕ್ಕಪಕ್ಕದ ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತೆ. 450 ಉಳಿದಾಗ ಪಳಗಿದ ಕೈ ತಕ್ಷಣ ಅಂಥ ಎಂಟ್ರಿ ಹುಡುಕುತ್ತೆ.

ಪುಸ್ತಕದಲ್ಲಿ ತಿದ್ದಬೇಕಾದ್ದು 236 ಮತ್ತು 450 ಮಾತ್ರ. ಆಗ ಬಾಕಿ 47,564. ಚೆಕ್ಕಿಗೆ ಎಂಟ್ರಿ ಆಗಲೇ ಇದೆ, ಅದನ್ನು ಮುಟ್ಟಬಾರದು. ಅದರ 6,000 ಕೂಡಿಸಿದರೆ ಬ್ಯಾಂಕಿನ 53,564 ಸರಿಹೋಗುತ್ತೆ.

ಅಂಕದ ಹಾಳೆಯನ್ನು ಪರೀಕ್ಷೆಗೆ ಮೊದಲೇ ಬರೆದಿಡಿ, ಆಮೇಲೆ ಮುಖ ನೋಡಿ ಬದಲಾಯಿಸೋ ಹಾಗಿಲ್ಲ. ಒಟ್ಟು 20:

ಚೆಕ್ ಗುರುತಿಸಿ, ಪುಸ್ತಕ ಮುಟ್ಟದಿದ್ದರೆ 4
ಚಾರ್ಜು ಹುಡುಕಿದರೆ 4
ಅಂಕಿ ಅದಲುಬದಲು ಹಿಡಿದರೆ 6
47,564 ಬಂದರೆ 4
ಮಾಡಿದ್ದನ್ನು, ಸಿಗದೇ ಉಳಿದದ್ದನ್ನು ಬರೆದಿಟ್ಟರೆ 2
ಸಿಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೋ ಇತರೆ ಖರ್ಚಿಗೋ ತಳ್ಳಿ ತಾಳೆ ಮಾಡಿದರೆ ಒಟ್ಟಿನಿಂದ 6 ಕಡಿತ

ಕೊನೇ ಸಾಲು ಕಠಿಣ ಅನ್ನಿಸಬಹುದು. ಇಬ್ಬರಿಗೂ 450 ಸಿಗಲಿಲ್ಲ ಅಂದುಕೊಳ್ಳಿ. ‘450 ಸಿಕ್ಕಿಲ್ಲ ಸಾರ್’ ಅಂತ ಬರೆದವರಿಗೆ 10 ಬರುತ್ತೆ, ಅದನ್ನು ತುರುಕಿ ಮುಚ್ಚಿದವರಿಗೆ 6. ಮೊದಲನೆಯವರಿಗೆ ಕಲಿಸಬಹುದು. ಎರಡನೆಯವರು ಮುಚ್ಚಿದ್ದನ್ನು ನೀವು ಮಾರ್ಚ್ ಕೊನೆಯಲ್ಲಿ ಆಡಿಟರ್ ಮುಂದೆ ಕೂತು ಬಿಚ್ಚಬೇಕು. 10ಕ್ಕಿಂತ ಮೇಲೆ ಅಥವಾ ಸಮ ಬಂದವರನ್ನು ಮಾತಿಗೆ ಕರೆಯಿರಿ.

ಹೆಸರು ಮುಚ್ಚಿ ಇಬ್ಬರು ಬೇರೆಬೇರೆ ಅಂಕ ಹಾಕಿ. ಸೂಚನೆ ಕನ್ನಡದಲ್ಲೂ ಇರಲಿ. ನಿಮ್ಮ ಆಫೀಸಿನ ಬಾಕಿ ಕೆಲಸವನ್ನೇ ಪರೀಕ್ಷೆ ಅಂತ ಪುಕ್ಕಟೆ ಮಾಡಿಸಿಕೊಳ್ಳಬೇಡಿ.

ಈ ಹಾಳೆ ನಿಯತ್ತನ್ನೆಲ್ಲ ಅಳೆಯಲ್ಲ, ಟೈಪಿಂಗ್ ವೇಗವನ್ನೂ ಅಳೆಯಲ್ಲ. ಆದರೆ ‘ಟೈಮಿಲ್ಲ’ ಅನ್ನೋ ಮಾಲೀಕರೇ, ಆ ಹುಡುಗಿಯನ್ನು ನೀವು ಇಪ್ಪತ್ತು ನಿಮಿಷ ಇಂಗ್ಲಿಷ್ ಮಾತಾಡಿಸಿದ್ರಿ. ಇನ್ನು ಹತ್ತು ನಿಮಿಷ ಸೇರಿಸಿದ್ದರೆ ಅವಳಿಗೆ ಲೆಕ್ಕ ಬರುತ್ತಾ ಅಂತ ಗೊತ್ತಾಗ್ತಿತ್ತು.